ನೂರು ಆರ್ಡರ್, ಕೈಗೆ ಒಂದು ರೂಪಾಯಿ: ಸೋಪು, ತಲೆಎಣ್ಣೆ ಬ್ರ್ಯಾಂಡನ್ನು ಆನ್‌ಲೈನ್‌ನಲ್ಲಿ ಮಾರುವವರಿಗೆ ಪೂರ್ತಿ ಲೆಕ್ಕ

ನಮ್ಮದು ಮಂಡ್ಯ. ಮನೆಯ ಹಜಾರದಲ್ಲಿ ಕೂತು ಕೊಬ್ಬರಿ ಎಣ್ಣೆ ಸೋಪು ಮತ್ತು ತಲೆಎಣ್ಣೆಯ ಪಾರ್ಸೆಲ್ ಕಟ್ಟುತ್ತೇವೆ, ಸಂಜೆ ಕೊರಿಯರ್ ಹುಡುಗ ಬಂದು ಗೋಣಿಚೀಲಕ್ಕೆ ತುಂಬಿಕೊಂಡು ಹೋಗುತ್ತಾನೆ. ಮೊದಲ ತಿಂಗಳು ನೂರು ಆರ್ಡರ್ ಮುಟ್ಟಿದಾಗ ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು. ಆಮೇಲೆ ಕೂತು ಲೆಕ್ಕ ಹಾಕಿದರೆ ಒಬ್ಬಟ್ಟಿನ ಬೇಳೆ ದುಡ್ಡೂ ಹುಟ್ಟಿರಲಿಲ್ಲ. ಆ ಲೆಕ್ಕವನ್ನು ಸ್ವಲ್ಪ ದುಂಡು ಮಾಡಿ ಕೆಳಗೆ ಬಿಡಿಸಿ ಇಡುತ್ತೇನೆ. ಯಾಕೆಂದರೆ ಲಿಸ್ಟಿಂಗ್ ಮಾಡೋದು ಹೇಗೆ ಅಂತ ಎಲ್ಲರೂ ಹೇಳಿಕೊಡುತ್ತಾರೆ, ಒಂದು ಆರ್ಡರ್‌ನಲ್ಲಿ ದುಡ್ಡು ಎಲ್ಲೆಲ್ಲಿ ಸೋರುತ್ತದೆ ಅಂತ ಯಾರೂ ಹೇಳೋದಿಲ್ಲ.

ಮೊದಲು ಕಾಗದ ಪತ್ರ

ಸೋಪು, ಕ್ರೀಮು, ತಲೆಎಣ್ಣೆ ಎಲ್ಲವೂ ಕಾನೂನಿನ ಪ್ರಕಾರ ಕಾಸ್ಮೆಟಿಕ್. 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ ಮತ್ತು 2020ರ ಕಾಸ್ಮೆಟಿಕ್ಸ್ ನಿಯಮಗಳು ಇದಕ್ಕೆ ಅನ್ವಯ. ಮಾರಾಟಕ್ಕೆ ಅಂತ ತಯಾರಿಸಬೇಕಾದರೆ ರಾಜ್ಯದ ಔಷಧ ನಿಯಂತ್ರಣ ಇಲಾಖೆಯಿಂದ ತಯಾರಿಕೆಯ ಲೈಸೆನ್ಸ್ ಬೇಕು. ಅಡುಗೆಮನೆಯಲ್ಲಿ ಮಾಡಿದ ಸೋಪನ್ನು ನೆಂಟರಿಗೆ ಕೊಡಬಹುದು, ಬ್ರ್ಯಾಂಡ್ ಹಾಕಿ ಆನ್‌ಲೈನ್‌ನಲ್ಲಿ ಮಾರುವಂತಿಲ್ಲ. "ನ್ಯಾಚುರಲ್, ಹ್ಯಾಂಡ್‌ಮೇಡ್" ಅಂತ ಬರೆದರೂ ಅಷ್ಟೇ.

ಚಿಕ್ಕವರಿಗೆ ಸುಲಭದ ದಾರಿ ಥರ್ಡ್ ಪಾರ್ಟಿ. ಅಂದರೆ ಲೈಸೆನ್ಸ್ ಇರುವ ಘಟಕದಲ್ಲಿ ನಿಮ್ಮ ಹೆಸರಿನಲ್ಲಿ ಮಾಡಿಸಿಕೊಳ್ಳುವುದು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಿ, ಇಲ್ಲವಾದರೆ ಬೆಂಗಳೂರು. ಹೋದಾಗ ರೇಟ್ ಕೇಳುವುದಕ್ಕಿಂತ ಮೊದಲು ಅವರ ಲೈಸೆನ್ಸ್ ಪ್ರತಿ ಕೇಳಿ. ಅದು ಸಿಒಎಸ್-8 ನಮೂನೆಯಲ್ಲಿ ಇರುತ್ತದೆ. ಅದರಲ್ಲಿ ನಿಮ್ಮ ಉತ್ಪನ್ನದ ಬಗೆ ಸೇರಿದೆಯಾ ನೋಡಿ. ಸೋಪಿಗೆ ಲೈಸೆನ್ಸ್ ಇದೆ ಅಂತ ಕ್ರೀಮು ಮಾಡಿಕೊಡಲು ಹೊರಟವರೂ ಇದ್ದಾರೆ. ಆಯುರ್ವೇದ ಅಂತ ಮಾರಬೇಕು ಅಂದರೆ ಅದರ ಲೈಸೆನ್ಸೇ ಬೇರೆ, ಎರಡನ್ನೂ ಕಲಸಬೇಡಿ.

ಲೇಬಲ್ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವಾಗಿನೊಳಗೆ ಬಳಸಬೇಕು ಅನ್ನೋದು, ಪದಾರ್ಥಗಳ ಪಟ್ಟಿ, ತೂಕ, ತಯಾರಾದ ತಿಂಗಳು ವರ್ಷ, ಎಂಆರ್‌ಪಿ, ದೂರು ಕೊಡಲು ಫೋನ್ ಮತ್ತು ಇಮೇಲ್ ಇರಬೇಕು. "ಮಾರ್ಕೆಟೆಡ್ ಬೈ" ಅಂತ ನಿಮ್ಮ ಹೆಸರು ಕೆಳಗೆ ಬರುತ್ತದೆ. ಇವುಗಳಲ್ಲಿ ಹೆಚ್ಚಿನವು ಲಿಸ್ಟಿಂಗ್ ಪುಟದಲ್ಲೂ ಕಾಣಬೇಕು, ಹಾಗಾಗಿ ಡಬ್ಬಿಯ ನಾಲ್ಕೂ ಬದಿಯ ಫೋಟೋ ತೆಗೆದಿಡಿ. ಲಿಸ್ಟಿಂಗ್ ತಡೆಹಿಡಿದಾಗ ಮೊದಲು ಕೇಳುವುದೇ ಅದನ್ನು.

ಸೋಪಿನ ತೂಕದ ವಿಚಾರ ಒಂದು ಮಾತು. ಕೋಲ್ಡ್ ಪ್ರೋಸೆಸ್ ಸೋಪು ಒಣಗುತ್ತಾ ಹೋದಂತೆ ತೂಕ ಇಳಿಯುತ್ತದೆ. ಪ್ಯಾಕ್ ಮಾಡುವಾಗ 100 ಗ್ರಾಂ ಇದ್ದದ್ದು ಮೂರು ತಿಂಗಳಿಗೆ 94 ಆಗಿರಬಹುದು. ಗ್ರಾಹಕ ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ಫೋಟೋ ಹಾಕುತ್ತಾನೆ. ಪೂರ್ತಿ ಒಣಗುವ ತನಕ ಕಾದು ಕಟ್ಟಿ, ತೂಕದ ಪಕ್ಕ "ಪ್ಯಾಕ್ ಮಾಡಿದಾಗ" ಅಂತ ನಮೂದಿಸಿ. ಸೋಪಿಗೆ ನಿಯಮದಲ್ಲಿ ಅದಕ್ಕೆ ಅವಕಾಶವಿದೆ.

ಹೆಸರು ಇಡುವಾಗ ನಮ್ಮೂರಿನವರು ಬೀಳುವ ಗುಂಡಿ

ಮೈಸೂರು, ಮಂಡ್ಯ ಕಡೆಯವರಿಗೆ ಮೊದಲು ಹೊಳೆಯೋದೇ "ಮೈಸೂರು ಸ್ಯಾಂಡಲ್ ಏನೋ ಒಂದು" ಅಂತ. ಬೇಡ. ಮೈಸೂರು ಸ್ಯಾಂಡಲ್ ಸೋಪು ಮತ್ತು ಮೈಸೂರು ಶ್ರೀಗಂಧದೆಣ್ಣೆ ಎರಡಕ್ಕೂ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಇದೆ, ಅದು ಸರ್ಕಾರದ ಸಾಬೂನು ಮತ್ತು ಮಾರ್ಜಕ ನಿಗಮದ ಹೆಸರಿನಲ್ಲಿದೆ. 1916ರಿಂದ ನಡೆದುಬಂದ ಹೆಸರು ಅದು. ನೀವು ಹಾಗೆ ಲಿಸ್ಟ್ ಮಾಡಿದರೆ ದೂರು ಬರುತ್ತದೆ, ಲಿಸ್ಟಿಂಗ್ ಹೋಗುತ್ತದೆ, ಆ ಹೊತ್ತಿಗೆ ಅಚ್ಚು ಹಾಕಿಸಿದ ಐದು ಸಾವಿರ ಡಬ್ಬಿ ಅಟ್ಟದ ಮೇಲೆ ಕೂರುತ್ತವೆ.

ಬೇರೆ ಹೆಸರು ಹುಡುಕಿ, ಟ್ರೇಡ್‌ಮಾರ್ಕ್ ತಾಣದಲ್ಲಿ 3ನೇ ವರ್ಗದಲ್ಲಿ ಅದು ಖಾಲಿ ಇದೆಯಾ ನೋಡಿ, ಅರ್ಜಿ ಹಾಕಿ. ಕಾಸ್ಮೆಟಿಕ್ಸ್ ಬರುವುದು ಆ ವರ್ಗದಲ್ಲೇ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನ್‌ನಲ್ಲಿ ಹಾಕಿದರೆ ಸರ್ಕಾರದ ಶುಲ್ಕ 4,500 ರೂಪಾಯಿ. ಅರ್ಜಿ ಇದ್ದರೆ ಅಮೆಜಾನ್‌ನ ಬ್ರ್ಯಾಂಡ್ ರಿಜಿಸ್ಟ್ರಿಗೆ ಸೇರಬಹುದು. ಇಲ್ಲದೆ ಹೋದರೆ ನಿಮ್ಮ ಲಿಸ್ಟಿಂಗ್‌ಗೇ ಬೇರೆಯವನು ಅಂಟಿಕೊಂಡು ಡುಪ್ಲಿಕೇಟ್ ಮಾರಿದರೂ ಬಾಯಿ ಬಡಿದುಕೊಳ್ಳೋದು ಬಿಟ್ಟು ಬೇರೆ ದಾರಿ ಕಡಿಮೆ.

ಲಿಸ್ಟಿಂಗ್ ಫ್ರೀ, ಆದರೆ

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಯಾವುದರಲ್ಲೂ ಸುಮ್ನೆ ಒಂದು ಸಾಮಾನು ಹಾಕುವುದಕ್ಕೆ ದುಡ್ಡು ಕೇಳೋದಿಲ್ಲ. ಲಿಸ್ಟಿಂಗ್ ಖರ್ಚು ಅನ್ನೋದು ಹೊರಗಡೆ ಇರುತ್ತದೆ: ಬಾರ್‌ಕೋಡ್, ಟ್ರೇಡ್‌ಮಾರ್ಕ್, ಫೋಟೋ. "ನಿಮ್ಮ ಲಿಸ್ಟಿಂಗ್ ಮಾಡಿಕೊಡುತ್ತೇವೆ, ತಿಂಗಳಿಗೆ ಇಷ್ಟು" ಅಂತ ಫೋನ್ ಮಾಡುವವರು ಬರುತ್ತಾರೆ. ಐದಾರು ಉತ್ಪನ್ನಕ್ಕೆ ಅವರ ಅಗತ್ಯ ನನಗಂತೂ ಕಾಣಲಿಲ್ಲ, ಎರಡು ಭಾನುವಾರದ ಕೆಲಸ.

ಬರೆಯುವಾಗ ಒಂದು ಎಚ್ಚರ. "ಕೂದಲು ಉದುರುವುದು ನಿಲ್ಲುತ್ತದೆ", "ಮೊಡವೆ ವಾಸಿಯಾಗುತ್ತದೆ" ಅಂತ ಬರೆದರೆ ಅದು ಔಷಧದ ಮಾತು, ಕಾಸ್ಮೆಟಿಕ್‌ನ ಮಾತಲ್ಲ. ಕಾಸ್ಮೆಟಿಕ್ ಲೈಸೆನ್ಸ್‌ನ ಸರಕಿಗೆ ಹಾಗೆ ಹೇಳುವಂತಿಲ್ಲ. ಕೂದಲಿಗೆ ಹೊಳಪು, ಚರ್ಮಕ್ಕೆ ಮೃದು, ಇಷ್ಟಕ್ಕೆ ನಿಲ್ಲಿಸಿ. ಕೊಬ್ಬರಿ ಎಣ್ಣೆ ಮಾರುವವರು ಇನ್ನೊಂದು ಸಾಲು ಸೇರಿಸಲೇಬೇಕು: ಸುಮಾರು 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ, ಬಿಸಿನೀರಿನಲ್ಲಿ ಇಟ್ಟರೆ ಕರಗುತ್ತದೆ. ನಮಗೆ ಇದು ಗೊತ್ತಿರೋ ವಿಷಯ. ಡಿಸೆಂಬರ್‌ನಲ್ಲಿ ಲಖನೌದಲ್ಲಿ ಬಾಟಲಿ ಬಿಚ್ಚಿದವರಿಗೆ ಅದು ಕೆಟ್ಟ ಎಣ್ಣೆ, ವಾಪಸ್ ಕಳಿಸುತ್ತಾರೆ.

ಜಿಎಸ್‌ಟಿ: ಯಾರೂ ಹೇಳದ ಅರ್ಧ

ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಲು ವಹಿವಾಟು ಎಷ್ಟೇ ಚಿಕ್ಕದಿರಲಿ ಜಿಎಸ್‌ಟಿ ನೋಂದಣಿ ಬೇಕು, ಇದು ಸಾಮಾನ್ಯ ನಿಯಮ. 2023ರ ಅಕ್ಟೋಬರ್‌ನಿಂದ ಒಂದು ಸಡಿಲಿಕೆ ಇದೆ. ವರ್ಷದ ವಹಿವಾಟು 40 ಲಕ್ಷದ ಒಳಗಿದ್ದು ಕರ್ನಾಟಕದ ಒಳಗೆ ಮಾತ್ರ ಮಾರುವುದಾದರೆ ನೋಂದಣಿ ಬದಲು ಎನ್‌ರೋಲ್‌ಮೆಂಟ್ ನಂಬರ್ ಸಾಕು. ಪರೀಕ್ಷೆ ಮಾಡಿ ನೋಡುವವರಿಗೆ ಇದು ಒಳ್ಳೆಯದೇ, ಆದರೆ ಚೆನ್ನೈ, ಹೈದರಾಬಾದ್ ಆರ್ಡರ್ ಬರುವುದಿಲ್ಲ.

ಈಗ ಮುಖ್ಯ ವಿಷಯ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಶಾಂಪೂ, ತಲೆಎಣ್ಣೆಯ ಜಿಎಸ್‌ಟಿ 18ರಿಂದ 5 ಪರ್ಸೆಂಟ್‌ಗೆ ಇಳಿಯಿತು. ಫೇಸ್ ಕ್ರೀಮು, ಲಿಪ್‌ಸ್ಟಿಕ್ ಅಂಥವು 18ರಲ್ಲೇ ಉಳಿದವು. ಸೋಪಿನವರಿಗೆ ಖುಷಿ ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಆದರೆ ಮಾರುಕಟ್ಟೆ ನಮಗೆ ಹಾಕುವ ಶುಲ್ಕ, ಕೊರಿಯರ್, ಜಾಹೀರಾತು, ಎಲ್ಲದರ ಮೇಲೂ 18 ಪರ್ಸೆಂಟ್ ಜಿಎಸ್‌ಟಿ ಇದೆ. ಗ್ರಾಹಕರಿಂದ ತೆಗೆದುಕೊಳ್ಳುವುದು 5, ಕೊಡುವುದು 18. ನಾವು ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದಕ್ಕೆ ಕ್ರೆಡಿಟ್ ಅನ್ನುತ್ತಾರೆ, ಅದು ಜಾಸ್ತಿಯಾಗಿ ಉಳಿದುಬಿಡುತ್ತದೆ.

"ರೀಫಂಡ್ ಕೇಳೋಣ ಸಾರ್" ಅಂದೆ ನಮ್ಮ ಆಡಿಟರ್‌ಗೆ.

"ಸರಕಿನ ಮೇಲೆ ಕೊಟ್ಟ ತೆರಿಗೆ ಹೆಚ್ಚಾದರೆ ಕೇಳಬಹುದು ಕಣಪ್ಪ, ಸೇವೆಯ ಮೇಲೆ ಕೊಟ್ಟಿದ್ದಕ್ಕೆ ರೀಫಂಡ್ ಇಲ್ಲ" ಅಂದರು. 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ಸೂತ್ರವನ್ನೇ ಎತ್ತಿಹಿಡಿದಿದೆ.

ಹಾಗಾಗಿ ಸೋಪು, ತಲೆಎಣ್ಣೆ ಮಾತ್ರ ಮಾರುವವರು ಶುಲ್ಕದ ಮೇಲಿನ ಜಿಎಸ್‌ಟಿಯನ್ನು "ಕ್ರೆಡಿಟ್ ಬರುತ್ತಲ್ಲ" ಅಂತ ಬಿಟ್ಟು ಲೆಕ್ಕ ಹಾಕಬೇಡಿ. ಅದರಲ್ಲಿ ಒಂದು ಭಾಗ ಖರ್ಚೇ. 18 ಪರ್ಸೆಂಟ್‌ನ ಕ್ರೀಮು ಅಥವಾ ಲಿಪ್ ಬಾಮ್ ಜೊತೆಗೆ ಮಾರಿದರೆ ಉಳಿದ ಕ್ರೆಡಿಟ್ ಅಲ್ಲಿ ಖರ್ಚಾಗುತ್ತದೆ. ನಾವು ಲಿಪ್ ಬಾಮ್ ಶುರು ಮಾಡಿದ್ದಕ್ಕೆ ಅರ್ಧ ಕಾರಣ ಅದು.

ಇನ್ನೆರಡು ಕಡಿತ ಕಾಣುತ್ತವೆ. ಮಾರುಕಟ್ಟೆಯವರು ಜಿಎಸ್‌ಟಿ ಟಿಸಿಎಸ್ ಅಂತ 0.5 ಪರ್ಸೆಂಟ್, ಆದಾಯ ತೆರಿಗೆಯ ಟಿಡಿಎಸ್ ಅಂತ 0.1 ಪರ್ಸೆಂಟ್ ಹಿಡಿಯುತ್ತಾರೆ. ಇವು ಖರ್ಚಲ್ಲ, ನಿಮ್ಮದೇ ದುಡ್ಡು. ಟಿಸಿಎಸ್ ಬೇಕೆಂದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ `TDS and TCS Credit Received` ಅನ್ನುವಲ್ಲಿ ಹೋಗಿ ನೀವೇ ಒಪ್ಪಿಕೊಳ್ಳಬೇಕು. ಒಪ್ಪಿದರೆ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ. ತಿಂಗಳುಗಟ್ಟಲೆ ಒತ್ತದೇ ಬಿಟ್ಟವರನ್ನು ನೋಡಿದ್ದೇನೆ.

ಒಂದು ಆರ್ಡರ್ ಬಿಡಿಸಿ ನೋಡೋಣ

ಕಮಿಷನ್ ಬಗ್ಗೆ ಈಗ ಎಲ್ಲೆಲ್ಲೂ "ಝೀರೋ" ಅಂತಲೇ ಜಾಹೀರಾತು. ಮೀಶೋ 2021ರಿಂದ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಅಮೆಜಾನ್ 2025ರ ಏಪ್ರಿಲ್‌ನಲ್ಲಿ 300 ರೂಪಾಯಿ ಒಳಗಿನ ಬಹಳಷ್ಟು ವರ್ಗಗಳಿಗೆ ರೆಫರಲ್ ಶುಲ್ಕವನ್ನು, ಅಂದರೆ ತನ್ನ ಕಮಿಷನ್ನನ್ನು, ತೆಗೆದುಹಾಕಿತು. ಅದೇ ವರ್ಷ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ 1000 ರೂಪಾಯಿ ಒಳಗಿನವಕ್ಕೆ ಕಮಿಷನ್ ಇಲ್ಲ ಅಂತ ಹೇಳಿತು. ಈ ಮಿತಿಗಳು ಬದಲಾಗುತ್ತಾ ಇರುತ್ತವೆ, ರೇಟ್ ಕಾರ್ಡನ್ನು ಮೂರು ತಿಂಗಳಿಗೊಮ್ಮೆ ತೆರೆದು ನೋಡಿ. ಆದರೆ ಕಮಿಷನ್ ಸೊನ್ನೆ ಅಂದರೆ ಖರ್ಚು ಸೊನ್ನೆ ಅಲ್ಲ. ಕ್ಲೋಸಿಂಗ್ ಅಥವಾ ಫಿಕ್ಸೆಡ್ ಶುಲ್ಕ ಇರುತ್ತದೆ, ಶಿಪ್ಪಿಂಗ್ ಇರುತ್ತದೆ, ಜಾಹೀರಾತು ಇರುತ್ತದೆ.

ನಮ್ಮ ಮೊದಲ ಸೆಟ್: 100 ಗ್ರಾಂನ ಮೂರು ಸೋಪು, ಬೆಲೆ 299. ಕೆಳಗಿನ ಶುಲ್ಕಗಳು ಉದಾಹರಣೆಗೆ ಇಟ್ಟುಕೊಂಡವು, ನಿಮ್ಮ ರೇಟ್ ಕಾರ್ಡ್‌ನ ಅಂಕಿ ಹಾಕಿ ಮತ್ತೆ ಲೆಕ್ಕ ಮಾಡಿ. ಕಮಿಷನ್ ಸೊನ್ನೆ ಅಂತಲೇ ಇಟ್ಟಿದ್ದೇನೆ.

```
ಗ್ರಾಹಕ ಕೊಟ್ಟದ್ದು                    299.00
ಸೋಪು 3 x 38 = 114, ಜಿಎಸ್‌ಟಿ 5.70   - 119.70
ಒಳಡಬ್ಬಿ 12 + ಹೊರಪೆಟ್ಟಿಗೆ 9          -  21.00
ಫಿಕ್ಸೆಡ್ ಶುಲ್ಕ 20 + ಶಿಪ್ಪಿಂಗ್ 70       -  90.00
ಜಾಹೀರಾತು, ಆರ್ಡರ್‌ಗೆ               -  25.00
115ರ ಮೇಲೆ 18% ಜಿಎಸ್‌ಟಿ           -  20.70
ಉಳಿದದ್ದು                            22.60
```

ಇದರಲ್ಲಿ ಸರ್ಕಾರಕ್ಕೆ ಕಟ್ಟುವ ಜಿಎಸ್‌ಟಿ ಕಾಣುತ್ತಿಲ್ಲ ಅಂತ ಕೇಳಬಹುದು. 299ರ ಒಳಗೆ 5 ಪರ್ಸೆಂಟ್ ಅಂದರೆ 14.24 ಇದೆ. ಕೊಟ್ಟ ತೆರಿಗೆ 5.70 ಮತ್ತು 20.70, ಒಟ್ಟು 26.40. ಹಾಗಾಗಿ ಕೈಯಿಂದ ಕಟ್ಟುವುದೇನೂ ಇಲ್ಲ, ಬದಲಿಗೆ 12.16 ಕ್ರೆಡಿಟ್ ಲೆಡ್ಜರ್‌ನಲ್ಲಿ ಹಾಗೇ ಸಿಕ್ಕಿಹಾಕಿಕೊಳ್ಳುತ್ತದೆ. ಪ್ರತಿ ಆರ್ಡರ್‌ಗೆ ಹನ್ನೆರಡು ರೂಪಾಯಿ.

ಸರಿ, 22 ರೂಪಾಯಿ 60 ಪೈಸೆ ಉಳಿಯಿತು, ನೂರು ಆರ್ಡರ್‌ಗೆ ಎರಡು ಸಾವಿರದ ಮೇಲೆ ಬಂತಲ್ಲ, ಅನ್ನಿಸುತ್ತದೆ. ಇಲ್ಲಿ ರಿಟರ್ನ್ ಬರುತ್ತದೆ.

ರಿಟರ್ನ್ ಎರಡು ಬಗೆ, ಎರಡನ್ನೂ ಬೇರೆ ಬೇರೆ ಬರೆದಿಡಿ. ಮೊದಲನೆಯದು ಆರ್‌ಟಿಒ: ಗ್ರಾಹಕ ಪಾರ್ಸೆಲ್ ತೆಗೆದುಕೊಳ್ಳಲೇ ಇಲ್ಲ, ಬಾಗಿಲಿಂದ ಹಿಂದಕ್ಕೆ ಬಂತು. ಕ್ಯಾಶ್ ಆನ್ ಡೆಲಿವರಿಯಲ್ಲಿ ಇದೇ ಜಾಸ್ತಿ. ಎರಡನೆಯದು ತೆಗೆದುಕೊಂಡು, ಬಿಚ್ಚಿ, ಸೋರಿದೆ, ಒಡೆದಿದೆ, ಬೇರೆ ಬಂದಿದೆ ಅಂತ ವಾಪಸ್ ಮಾಡಿದ್ದು. ಕಾಸ್ಮೆಟಿಕ್ ಬಿಚ್ಚಿದ ಮೇಲೆ ಮತ್ತೆ ಮಾರುವಂತಿಲ್ಲ, ಅದು ಕಸವೇ. ಸೀರೆ, ಚಪ್ಪಲಿ ಮಾರುವವರಿಗೂ ನಮಗೂ ಇರುವ ವ್ಯತ್ಯಾಸ ಅದು. ಅವರಿಗೆ ರಿಟರ್ನ್ ಅಂದರೆ ಸಾಗಣೆ ನಷ್ಟ, ನಮಗೆ ಸರಕೂ ನಷ್ಟ.

ನೂರು ಆರ್ಡರ್‌ನಲ್ಲಿ 8 ಆರ್‌ಟಿಒ, 3 ಗ್ರಾಹಕರ ರಿಟರ್ನ್ ಅಂತ ಇಟ್ಟುಕೊಳ್ಳಿ. ಆರ್‌ಟಿಒ ಆದರೆ ಹೋದ ಶಿಪ್ಪಿಂಗ್ ಜಿಎಸ್‌ಟಿ ಸೇರಿ 82.60, ಜಾಹೀರಾತು 29.50, ಹೊರಪೆಟ್ಟಿಗೆ 9. ಒಟ್ಟು 121.10. ಕೆಲವು ಕಡೆ ಆರ್‌ಟಿಒಗೆ ಶಿಪ್ಪಿಂಗ್ ಹಿಡಿಯುವುದಿಲ್ಲ, ಆಗ 38.50ರಲ್ಲಿ ಮುಗಿಯುತ್ತದೆ. ಸೇರುವ ಮುಂಚೆ ಇದೊಂದನ್ನು ಓದಿಕೊಂಡೇ ಸೇರಿ. ಗ್ರಾಹಕರ ರಿಟರ್ನ್‌ನಲ್ಲಿ ಸೋಪು 119.70, ಪ್ಯಾಕಿಂಗ್ 21, ಹೋದ ಶಿಪ್ಪಿಂಗ್ 82.60, ಜಾಹೀರಾತು 29.50, ಬಂದ ಶಿಪ್ಪಿಂಗ್ 80 ಅಂತ ಹಿಡಿದರೆ ಜಿಎಸ್‌ಟಿ ಸೇರಿ 94.40. ಒಟ್ಟು 347.20.

```
ಉಳಿದ 89 ಆರ್ಡರ್ x 22.60      2,011.40
8 ಆರ್‌ಟಿಒ x 121.10          -   968.80
3 ರಿಟರ್ನ್ x 347.20           - 1,041.60
ಕೈಗೆ                              1.00
```

ಒಂದು ರೂಪಾಯಿ. ಟೇಪು, ಪ್ರಿಂಟರ್ ಇಂಕು, ನಮ್ಮ ಕೂಲಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಎಲ್ಲಿ ಸರಿಮಾಡಬಹುದು

ಬೆಲೆ ಏರಿಸಿ ಅನ್ನೋದು ಸುಲಭದ ಸಲಹೆ, 299ಕ್ಕೆ ಸಿಗುವ ಹತ್ತು ಸೋಪು ಪಕ್ಕದಲ್ಲೇ ಇರುವಾಗ ಅದು ನಡೆಯುವುದಿಲ್ಲ. ಮೇಲಿನ ಪಟ್ಟಿಯಲ್ಲಿ ಸೋಪಿನ ಖರ್ಚು ಬಿಟ್ಟರೆ ದೊಡ್ಡ ಅಂಕಿ ಶಿಪ್ಪಿಂಗ್. ಅದು ಬರುವುದು ತೂಕದ ಸ್ಲ್ಯಾಬ್ ಮೇಲೆ, ಮೊದಲ ಸ್ಲ್ಯಾಬ್ ಸಾಮಾನ್ಯವಾಗಿ 500 ಗ್ರಾಂ. ನಮ್ಮ ಮೂರು ಸೋಪಿನ ಪಾರ್ಸೆಲ್ 370 ಗ್ರಾಂ ತೂಗುತ್ತಿತ್ತು. ಅಂದರೆ 500ಕ್ಕೆ ದುಡ್ಡು ಕೊಟ್ಟು 370 ಕಳಿಸುತ್ತಿದ್ದೆವು.

ನಾಲ್ಕು ಸೋಪಿನ ಸೆಟ್ ಮಾಡಿದೆವು, ಬೆಲೆ 379. ಸೋಪು 400 ಗ್ರಾಂ, ಡಬ್ಬಿ, ಪೆಟ್ಟಿಗೆ ಸೇರಿ 472 ಗ್ರಾಂ. ಅದೇ ಸ್ಲ್ಯಾಬ್, ಅದೇ ಶಿಪ್ಪಿಂಗ್. 80 ರೂಪಾಯಿ ಜಾಸ್ತಿ ಬಂತು. ಜಾಸ್ತಿ ಖರ್ಚು ಒಂದು ಸೋಪಿಗೆ ತೆರಿಗೆ ಸೇರಿ 39.90 ಮತ್ತು ಡಬ್ಬಿಗೆ 4. ಆರ್ಡರ್‌ಗೆ ಉಳಿಯುವುದು 22.60ರಿಂದ 58.70ಕ್ಕೆ ಹೋಯಿತು. ಅದೇ 8 ಆರ್‌ಟಿಒ, 3 ರಿಟರ್ನ್ ಕಳೆದರೆ ನೂರು ಆರ್ಡರ್‌ಗೆ ಸುಮಾರು 3,080 ರೂಪಾಯಿ. ಗ್ರಾಹಕನಿಗೂ ಒಂದು ಸೋಪಿನ ಬೆಲೆ 99.70ರಿಂದ 94.75ಕ್ಕೆ ಇಳಿಯಿತು.

ಆದರೆ ಇಲ್ಲೇ ಒಂದು ಕೊಕ್ಕೆ ಇದೆ. ಕಮಿಷನ್ ಸೊನ್ನೆಯ ಮಿತಿ 300 ಇರುವ ಕಡೆ 379 ಅಂದರೆ ಗೆರೆ ದಾಟಿದ ಹಾಗೆ. ಅಲ್ಲಿ 10 ಪರ್ಸೆಂಟ್ ಕಮಿಷನ್ ಬಿತ್ತು ಅಂತ ಇಟ್ಟುಕೊಂಡರೆ 37.90, ಅದರ ಜಿಎಸ್‌ಟಿ 6.80, ಒಟ್ಟು 44.70. ಗಳಿಸಿದ 36.10 ರೂಪಾಯಿಯೂ ಹೋಗಿ ಮೇಲೆ 8.60 ರೂಪಾಯಿ ಹೋಯಿತು. ಹಾಗಾಗಿ ಒಂದೇ ಸೆಟ್ಟನ್ನು ಎಲ್ಲಾ ಕಡೆ ಹಾಕಬೇಡಿ. ಮಿತಿ 1000 ಇರುವಲ್ಲಿ ನಾಲ್ಕರ ಸೆಟ್, 300 ಇರುವಲ್ಲಿ ಮೂರರದ್ದು, ಹೀಗೆ ಪ್ರತಿ ಮಾರುಕಟ್ಟೆಗೂ ಅದರ ಗೆರೆ ನೋಡಿ ಸೆಟ್ ಕಟ್ಟಿ.

ತೂಕದ ಜೊತೆ ಪೆಟ್ಟಿಗೆಯ ಅಳತೆಯನ್ನೂ ನೋಡುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು.

```
ಉದ್ದ x ಅಗಲ x ಎತ್ತರ (ಸೆಂ.ಮೀ.) / 5000 = ಕೆಜಿ
24 x 18 x 8 / 5000 = 0.69
20 x 12 x 6 / 5000 = 0.29
```

ನಾವು ಮೊದಲು ಸಂತೆಪೇಟೆ ಕಡೆಯಿಂದ ತಂದದ್ದು 24-18-8ರ ಪೆಟ್ಟಿಗೆ, ಒಂದೂವರೆ ರೂಪಾಯಿ ಅಗ್ಗ ಸಿಕ್ಕಿತು ಅಂತ. 370 ಗ್ರಾಂನ ಪಾರ್ಸೆಲ್‌ಗೆ ಒಂದು ಕೆಜಿ ಸ್ಲ್ಯಾಬ್‌ನ ಶಿಪ್ಪಿಂಗ್ ಬೀಳುತ್ತಿತ್ತು. ಮೂರು ವಾರ ಗೊತ್ತೇ ಆಗಲಿಲ್ಲ, ಯಾಕೆಂದರೆ ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವುದು ಒಟ್ಟು ಮೊತ್ತ ಮಾತ್ರ. ಸೆಟ್ಲ್‌ಮೆಂಟ್ ರಿಪೋರ್ಟ್ ಇಳಿಸಿಕೊಂಡು, ಒಂದೇ ಉತ್ಪನ್ನಕ್ಕೆ ಒಂದೇ ವಲಯದಲ್ಲಿ ಎರಡು ಬೇರೆ ಶಿಪ್ಪಿಂಗ್ ದರ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಅಳತೆಯ ತಕರಾರು ಅದು. ಪೆಟ್ಟಿಗೆಯನ್ನು ಅಳತೆ ಟೇಪಿನ ಪಕ್ಕ, ತಕ್ಕಡಿಯ ಮೇಲೆ ಇಟ್ಟ ಫೋಟೋ ಹಾಕಿ ತಕರಾರು ಅರ್ಜಿ ಕೊಡಿ. ಪೆಟ್ಟಿಗೆ ಬುಸ್ಸೆಂದು ಉಬ್ಬಿಕೊಂಡಿದ್ದರೂ ಯಂತ್ರ ಜಾಸ್ತಿ ಅಳೆಯುತ್ತದೆ, ಬಬಲ್ ಶೀಟ್ ತುರುಕಬೇಡಿ.

ರಿಟರ್ನ್ ಕಡಿಮೆ ಮಾಡುವುದು ಕಟ್ಟುವ ಟೇಬಲ್ ಮೇಲೆ

"ಅಣ್ಣಾ, ಇದ್ ಸೋರ್ತಾ ಐತೆ, ಬ್ಯಾರೆಯವ್ರ ಪಾರ್ಸಲ್ಲೆಲ್ಲ ಎಣ್ಣೆ ಆಗೋಯ್ತು" ಅಂತ ಕೊರಿಯರ್ ಹುಡುಗ ಒಂದು ದಿನ ಬಾಗಿಲಲ್ಲೇ ನಿಂತ. ತಲೆಎಣ್ಣೆಯ ರಿಟರ್ನ್‌ನಲ್ಲಿ ನಮಗೆ ಹತ್ತಕ್ಕೆ ಎಂಟು ಸೋರಿಕೆಯೇ ಇದ್ದವು. ಫ್ಲಿಪ್ ಕ್ಯಾಪ್ ಬಾಟಲಿ ಅಂಗಡಿ ಶೆಲ್ಫ್ ಮೇಲೆ ನಿಂತಿರುವುದಕ್ಕೆ ಸರಿ, ತಲೆಕೆಳಗಾಗಿ ನಾಲ್ಕು ದಿನ ಲಾರಿಯಲ್ಲಿ ಹೋಗುವುದಕ್ಕೆ ಅಲ್ಲ. ಮುಚ್ಚಳದ ಕೆಳಗೆ ಇಂಡಕ್ಷನ್ ಸೀಲ್ ಹಾಕಿಸಿ, ಅಂದರೆ ಹಾರ್ಲಿಕ್ಸ್ ಬಾಟಲಿ ಬಾಯಿಗೆ ಅಂಟಿರುವಂಥ ಫಾಯಿಲ್. ಕೈಯಲ್ಲಿ ಹಿಡಿಯುವ ಸೀಲ್ ಯಂತ್ರವೂ ಸಿಗುತ್ತದೆ. ಪರೀಕ್ಷೆ ಹೀಗೆ: ಸೀಲ್ ಆದ ಹತ್ತು ಬಾಟಲಿಯನ್ನು ಟಿಶ್ಯೂ ಸುತ್ತಿ ತಲೆಕೆಳಗೆ ಮಾಡಿ ಎರಡು ದಿನ ಬಿಸಿಲು ಬೀಳುವ ಕಡೆ ಇಡಿ. ಒಂದು ಟಿಶ್ಯೂಗೆ ಎಣ್ಣೆ ಅಂಟಿದರೂ ಸೀಲ್‌ನ ಬಿಸಿ ಅಥವಾ ಬಾಟಲಿ ಬಾಯಿ ಸರಿಯಿಲ್ಲ. ಆಮೇಲೆ ಪ್ರತಿ ಬಾಟಲಿಯನ್ನೂ ಜಿಪ್ ಕವರ್‌ಗೆ ಹಾಕಿ, ಸೋರಿದರೂ ಲೇಬಲ್ ಉಳಿಯುತ್ತದೆ.

ಆರ್‌ಟಿಒ ಬೇರೆ ಕಥೆ. ಪಿನ್‌ಕೋಡ್ ಪ್ರಕಾರ ಬರೆದಿಡುತ್ತಾ ಹೋದರೆ ಎರಡು ತಿಂಗಳಲ್ಲಿ ಚಿತ್ರ ಕಾಣುತ್ತದೆ. ನಮ್ಮಲ್ಲಿ ತಡವಾಗಿ ಕಳಿಸಿದ ಪಾರ್ಸೆಲ್‌ಗಳೇ ಜಾಸ್ತಿ ವಾಪಸ್ ಬರುತ್ತಿದ್ದವು. ಶನಿವಾರ ಬಂದ ಆರ್ಡರ್ ಸೋಮವಾರ ಸಂಜೆ ಹೊರಟರೆ, ತಲುಪುವ ಹೊತ್ತಿಗೆ ಗ್ರಾಹಕರು ಅಂಗಡಿಯಿಂದ ಸೋಪು ತಂದಾಗಿರುತ್ತದೆ. ಬೆಳಿಗ್ಗೆ ಹನ್ನೊಂದರ ಒಳಗೆ ಬಂದದ್ದು ಅದೇ ದಿನ ಹೋಗಬೇಕು ಅಂತ ಮಾಡಿಕೊಂಡ ಮೇಲೆ ಕಡಿಮೆಯಾಯಿತು.

ವಾಪಸ್ ಬಂದ ಪಾರ್ಸೆಲ್ ಬಿಚ್ಚುವ ಕ್ರಮ

ಇದನ್ನು ದುಡ್ಡು ಕೊಟ್ಟು ಕಲಿತದ್ದು. ಒಮ್ಮೆ ರಿಟರ್ನ್ ಬಂದ ಪೆಟ್ಟಿಗೆಯಲ್ಲಿ ನಮ್ಮ ನಾಲ್ಕು ಸೋಪಿನ ಬದಲು ಯಾರೋ ಅರ್ಧ ತಿಕ್ಕಿಕೊಂಡ ಬೇರೆ ಸೋಪು ಇತ್ತು. ವಿಡಿಯೋ ಮಾಡಿದ್ದೆವು, ಕ್ಲೇಮ್ ಹಾಕಿದೆವು, ತಿರಸ್ಕಾರ. ಕಾರಣ, ವಿಡಿಯೋ ಶುರುವಾದದ್ದು ಪೆಟ್ಟಿಗೆ ಬಿಚ್ಚಿದ ಮೇಲೆ, ಟ್ರ್ಯಾಕಿಂಗ್ ನಂಬರ್ ಎಲ್ಲೂ ಕಾಣಲಿಲ್ಲ.

ಈಗ ಟೇಬಲ್ ಮೇಲೆ ಒಂದು ಫೋನ್ ಸ್ಟ್ಯಾಂಡ್ ಕಾಯಂ ಇದೆ. ಮೊದಲು ಲೇಬಲ್ ತೋರಿಸಿ ಟ್ರ್ಯಾಕಿಂಗ್ ನಂಬರ್ ಓದಲು ಆಗುವಷ್ಟು ಹತ್ತಿರ ಹಿಡಿಯುತ್ತೇವೆ. ಆಮೇಲೆ ಆರೂ ಬದಿ ತಿರುಗಿಸಿ ಟೇಪು ಮೊದಲಿನದಾ ಬೇರೆಯದಾ ತೋರಿಸುತ್ತೇವೆ. ಆಮೇಲೆ ಬಿಚ್ಚಿ, ಒಳಗಿನ ಸೋಪಿನ ಬ್ಯಾಚ್ ನಂಬರ್ ತೋರಿಸಿ ತಕ್ಕಡಿ ಮೇಲೆ ಇಡುತ್ತೇವೆ. ನಡುವೆ ವಿಡಿಯೋ ನಿಲ್ಲಿಸುವುದಿಲ್ಲ. ಕಳಿಸುವಾಗಲೂ ಬ್ಯಾಚ್ ನಂಬರನ್ನು ಆರ್ಡರ್ ನಂಬರ್ ಪಕ್ಕ ಪುಸ್ತಕದಲ್ಲಿ ಬರೆದಿರುತ್ತೇವೆ, ಇಲ್ಲದಿದ್ದರೆ ವಾಪಸ್ ಬಂದದ್ದು ನಮ್ಮದೇ ಹಳೆಯ ಸೋಪಾ, ಈ ಆರ್ಡರ್‌ನದ್ದಾ ಅಂತ ಸಾಬೀತು ಮಾಡಲು ಆಗುವುದಿಲ್ಲ.

ಕ್ಲೇಮ್‌ಗೆ ಅಮೆಜಾನ್‌ನಲ್ಲಿ ಸೇಫ್-ಟಿ ಅಂತ, ಫ್ಲಿಪ್‌ಕಾರ್ಟ್‌ನಲ್ಲಿ ಎಸ್‌ಪಿಎಫ್ ಅಂತ ವ್ಯವಸ್ಥೆ ಇದೆ. ಎರಡಕ್ಕೂ ದಿನಗಳ ಗಡುವು ಇರುತ್ತದೆ. ರಿಟರ್ನ್ ಪೆಟ್ಟಿಗೆಗಳನ್ನು ಭಾನುವಾರ ನೋಡೋಣ ಅಂತ ಮೂಲೆಗೆ ಗುಡ್ಡೆ ಹಾಕಿದರೆ ಗಡುವು ಅಲ್ಲೇ ಮುಗಿಯುತ್ತದೆ. ಬಂದ ದಿನವೇ ಬಿಚ್ಚಿ.

ಬಿಚ್ಚಿದ ಮೇಲೆ ಮೂರು ಬುಟ್ಟಿ. ಆರ್‌ಟಿಒ ಆಗಿ ಒಳಡಬ್ಬಿಯ ಸೀಲ್ ಹಾಗೇ ಇದ್ದರೆ ಹೊಸ ಹೊರಪೆಟ್ಟಿಗೆ ಹಾಕಿ ಮತ್ತೆ ಮಾರಾಟಕ್ಕೆ. ಆದರೆ ಅದು ಹಳೆಯ ಬ್ಯಾಚ್, ಮೊದಲು ಅದೇ ಹೊರಡಬೇಕು. ಬಳಸುವ ಅವಧಿ ಕಡಿಮೆ ಉಳಿದ ಸರಕು ಕಳಿಸಿದರೆ ಅದಕ್ಕೇ ಇನ್ನೊಂದು ರಿಟರ್ನ್ ಬರುತ್ತದೆ. ಡಬ್ಬಿ ಜಜ್ಜಿದೆ, ಸೀಲ್ ಇದೆ ಅಂದರೆ ಮನೆ ಬಳಕೆಗೆ, ನಮ್ಮ ನೆಂಟರೆಲ್ಲ ಈಗ ನಮ್ಮದೇ ಸೋಪು ಹಚ್ಚುತ್ತಾರೆ. ಸೀಲ್ ಒಡೆದಿದ್ದರೆ ಲೇಬಲ್ ಕಿತ್ತು ಎಸೆಯುವುದು. ಲೇಬಲ್ ಸಮೇತ ಎಸೆದ ಬಾಟಲಿಗೆ ಬೇರೆ ಎಣ್ಣೆ ತುಂಬಿ ಯಾರಾದರೂ ಮಾರಿದರೆ ಅದರ ಮೇಲೆ ಇರುವುದು ನಿಮ್ಮ ಹೆಸರು.

"ಉರಿ ಬಂತು, ಗಂದೆ ಎದ್ದಿತು" ಅನ್ನುವ ದೂರು ಬಂದರೆ ಅದನ್ನು ರಿಟರ್ನ್ ಲೆಕ್ಕಕ್ಕೆ ಹಾಕಬೇಡಿ. ವಾದ ಮಾಡದೆ ದುಡ್ಡು ವಾಪಸ್ ಕೊಡಿ, ಬಳಸುವುದು ನಿಲ್ಲಿಸಲು ಹೇಳಿ, ಬ್ಯಾಚ್ ನಂಬರಿನ ಫೋಟೋ ಕೇಳಿ. ಒಂದೇ ಬ್ಯಾಚ್‌ನಿಂದ ಇನ್ನೊಂದು ದೂರು ಬಂದರೆ ಆ ಬ್ಯಾಚ್‌ನ ಸ್ಟಾಕನ್ನು ಅವತ್ತೇ ಸೊನ್ನೆ ಮಾಡಿ, ತಯಾರಕರಿಗೆ ಬರೆಯಿರಿ. ಇದಕ್ಕಾಗಿಯೇ ಪ್ರತಿ ಬ್ಯಾಚ್‌ನಿಂದ ಎರಡು ಸೋಪು, ಎರಡು ಬಾಟಲಿ ದಿನಾಂಕ ಬರೆದು ಕಪಾಟಿನಲ್ಲಿ ಇಟ್ಟಿರಬೇಕು. ನಮ್ಮಲ್ಲಿ ಒಮ್ಮೆ ಸೋಪಿನ ಸುಗಂಧ ಬದಲಾಯಿಸಿದ್ದನ್ನು ಘಟಕದವರು ಹೇಳಿಯೇ ಇರಲಿಲ್ಲ, ಕಪಾಟಿನ ಎರಡು ಸೋಪು ಪಕ್ಕ ಪಕ್ಕ ಇಟ್ಟು ಮೂಸಿದಾಗ ಗೊತ್ತಾಯಿತು.

ಇನ್ನು ಪುಸ್ತಕದ ಕೆಲಸ. ರಿಟರ್ನ್ ಆದ ಪ್ರತಿ ಮಾರಾಟಕ್ಕೂ ಜಿಎಸ್‌ಟಿಯಲ್ಲಿ ಕ್ರೆಡಿಟ್ ನೋಟ್ ಹೋಗಬೇಕು. ಇಲ್ಲವಾದರೆ ಮಾರದೇ ಇದ್ದ ಸೋಪಿಗೂ ನಿಮ್ಮ ಮಾರಾಟದ ಲೆಕ್ಕದಲ್ಲಿ ತೆರಿಗೆ ನಿಂತಿರುತ್ತದೆ. ಮಾರ್ಚ್ ಕೊನೆಯಲ್ಲಿ ಕಳಿಸಿದ್ದು ಏಪ್ರಿಲ್‌ನಲ್ಲಿ ವಾಪಸ್ ಬಂದವನ್ನು ಆಡಿಟರ್‌ಗೆ ಪ್ರತ್ಯೇಕ ಪಟ್ಟಿ ಮಾಡಿ ಕೊಡಿ. ಮಾರುಕಟ್ಟೆಯವರು ಒಂದು ವಾರದ ದುಡ್ಡು ಹಾಕಿ ಮುಂದಿನ ವಾರ ಅದರ ರಿಟರ್ನ್ ಹಿಡಿಯುತ್ತಾರೆ, ಹಾಗಾಗಿ ಬ್ಯಾಂಕಿಗೆ ಬಂದ ಮೊತ್ತ ನೋಡಿ ಹೊಸ ಬ್ಯಾಚ್‌ಗೆ ಆರ್ಡರ್ ಕೊಡಬೇಡಿ. ನಾವು ಬಂದದ್ದರಲ್ಲಿ ಹತ್ತರಲ್ಲಿ ಒಂದು ಭಾಗವನ್ನು ಬೇರೆ ಖಾತೆಗೆ ಹಾಕಿಟ್ಟು ತಿಂಗಳ ಕೊನೆಗೆ, ಸೆಟ್ಲ್‌ಮೆಂಟ್ ರಿಪೋರ್ಟ್ ಮತ್ತು ಡಿಸ್ಪ್ಯಾಚ್ ಪುಸ್ತಕ ತಾಳೆ ಹಾಕಿದ ಮೇಲೆ ಮುಟ್ಟುತ್ತೇವೆ. ಹೋದ ತಿಂಗಳ ತಾಳೆಯಲ್ಲಿ ಎರಡು ಪಾರ್ಸೆಲ್ ಅತ್ತ ಗ್ರಾಹಕನಿಗೂ ತಲುಪಿಲ್ಲ, ಇತ್ತ ನಮಗೂ ವಾಪಸ್ ಬಂದಿಲ್ಲ. ಕ್ಲೇಮ್ ಹಾಕಿದ್ದೇನೆ, ಒಂದಕ್ಕೆ ದುಡ್ಡು ಬಂತು, ಇನ್ನೊಂದು ಈಗಲೂ "ಪರಿಶೀಲನೆಯಲ್ಲಿದೆ" ಅಂತಲೇ ತೋರಿಸುತ್ತಿದೆ.